ಹೋದ ವರ್ಷದ ಉತ್ತರ

ಗೋಗಿ ಊರಿನ ಕಿರಾಣಿ ಅಂಗಡಿ ಲಿಂಗಣ್ಣನ ಮಗಳು ಬಸವೇಶ್ವರಿಗೆ ಶಿವ ಧಾರಾಳವಾಗಿ ಕೊಟ್ಟದ್ದು ನೆನಪಿನ ಶಕ್ತಿ. ಆಯಿ, ಅಂದರೆ ಅಜ್ಜಿ ಹಂಪಮ್ಮ, ಲಿಂಗಪೂಜೆಗೆ ಕುಳಿತು ವಚನ ಹೇಳಿಕೊಳ್ಳುವಾಗ, ಪಕ್ಕದಲ್ಲಿ ಆಡಿಕೊಂಡಿರುತ್ತಿದ್ದ ಈ ಕೂಸು, ಮುದುಕಿ ಒಂದು ಸಾಲು ಮರೆತರೆ ಆಟ ಬಿಡದೆಯೇ ಆ ಸಾಲನ್ನು ಎತ್ತಿ ಕೊಡುತ್ತಿತ್ತು. ಕೇಳಿದವರು ತಲೆದೂಗುತ್ತಿದ್ದರು. ಆ ನೆನಪಿನ ಬಲದಿಂದಲೇ ಅವಳು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ದಾಟಿ, ಶಹಾಪುರದ ಕಾಲೇಜಿಗೆ ಬಂದು, ಸೈನ್ಸ್ ತೆಗೆದುಕೊಂಡು, ಪಿಯುಸಿ ಎರಡನೆಯ ವರ್ಷಕ್ಕೆ ಬಂದಿದ್ದಳು.

ಆ ನೆನಪೇ ಈಗ ಅವಳ ಕಾಲಿಗೆ ತೊಡಕಾಯಿತು.

ಕಾಲೇಜಿನಲ್ಲಿ ಒಂದು ರೂಢಿಯಿತ್ತು. ಭೌತಶಾಸ್ತ್ರದ ಸೌಭಾಗ್ಯ ಮೇಡಂ ವರ್ಷದ ಆರಂಭದಲ್ಲಿ ಸ್ಥಿರವಿದ್ಯುತ್ತಿನ ವರ್ಕ್‌ಶೀಟು ಕೊಡುತ್ತಿದ್ದರು. ವಿದ್ಯುತ್ ಕ್ಷೇತ್ರ, ವಿಭವ, ಕೆಪಾಸಿಟರ್, ಎಲ್ಲದರ ಲೆಕ್ಕಗಳೂ ಅದರಲ್ಲಿರುತ್ತಿದ್ದವು. ಅದನ್ನು ಬಿಡಿಸಿಟ್ಟ ಹಳೆಯ ಹಾಳೆಗಳು ಅಕ್ಕಂದಿರಿಂದ ತಂಗಿಯರಿಗೆ ಕೈ ದಾಟುತ್ತ ಬರುತ್ತಿದ್ದವು. ಉಳಿದವರು ಆ ಹಾಳೆ ನೋಡಿ ಬರೆದುಕೊಂಡರೆ ಬಸವೇಶ್ವರಿ ಅದನ್ನು ಬಾಯಿಪಾಠ ಮಾಡಿದಳು. ಪ್ರಶ್ನೆ, ಸೂತ್ರ, ಅಂಕಿ, ಕೊನೆಯ ಉತ್ತರ, ಅದರ ಕೆಳಗಿನ ಗೆರೆ, ಎಲ್ಲವೂ ವಚನದ ಹಾಗೆ ನಾಲಿಗೆಯ ಮೇಲೆ ನಿಂತವು.

ಆ ಲೆಕ್ಕಗಳ ಮೇಲೆ ಮೇಡಂ ಇಟ್ಟ ಟೆಸ್ಟಿನಲ್ಲಿ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದವಳೂ ಅವಳೇ. ಮರುವಾರ ಪೇಪರು ಕೈಗೆ ಬಂದಾಗ ಅದರ ನೆತ್ತಿಯ ಮೇಲೆ ಕೆಂಪು ಸೊನ್ನೆಯಿತ್ತು.

ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆದು ಕೂಡಿಸಿದರು. ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಬರುವ ಆಕೆ ಸಿಟ್ಟು ಮಾಡುವವರಲ್ಲ.

"ಇದನ್ನ ನೋಡವ್ವ. ನಲವತ್ತು ಸೆಂಟಿಮೀಟರ್ ದೂರದಾಗ ಎರಡು ಚಾರ್ಜ್ ಅವ. ನಟ್ಟ ನಡುವ ಕ್ಷೇತ್ರ ಎಷ್ಟು, ವಿಭವ ಎಷ್ಟು ಅಂತ ಕೇಳೀನಿ. ನೀ ಏನ್ ಬರದಿ?"

"ಕ್ಷೇತ್ರ ಸೊನ್ನಿ ರಿ. ವಿಭವ ಒಂದು ಲಕ್ಷ ಎಂಬತ್ತು ಸಾವಿರ ವೋಲ್ಟ್ ರಿ."

"ಪ್ರಶ್ನೆ ಓದು."

ಬಸವೇಶ್ವರಿ ಓದಿದಳು. ಒಂದು ಚಾರ್ಜು ಎರಡು ಮೈಕ್ರೊಕೂಲಂಬ್, ಇನ್ನೊಂದೂ ಎರಡು ಮೈಕ್ರೊಕೂಲಂಬ್. ಆದರೆ ಎರಡನೆಯದರ ಮುಂದೆ ಮೈನಸ್ ಇತ್ತು. ಅದು ಆಗಲೂ ಅಲ್ಲೇ ಇತ್ತು. ಅವಳ ಕಣ್ಣು ಅದನ್ನು ದಾಟಿ ಹೋಗಿತ್ತು.

"ಹೋದ ವರ್ಷ ಎರಡೂ ಪ್ಲಸ್ ಕೊಟ್ಟಿದ್ದೆ. ಉಳಿದ ಲೆಕ್ಕಾನೂ ಹಿಂಗೇ ಬದಲ ಮಾಡೀನಿ. ನೀ ಬರದಿದ್ದೆಲ್ಲಾ ಹೋದ ವರ್ಷದ ಉತ್ತರ. ಒಂದಕ್ಷರ ತಪ್ಪಿಲ್ಲ," ಎಂದರು ಮೇಡಂ. "ಆದ್ರ ನಾ ಕೇಳಿದ್ದು ಇದಲ್ಲ. ಮುಂದಿನ ಶನಿವಾರ ಮತ್ತೊಂದು ಟೆಸ್ಟ್ ಇಡ್ತೀನಿ, ಬರಿ. ಅಪ್ಪಾರಿಗೆ ಪೇಪರ್ ತೋರ್ಸು."

ಅಪ್ಪ ಪೇಪರು ನೋಡಿ ಬಯ್ಯಲಿಲ್ಲ, ಅದೇ ಕಷ್ಟವಾಯಿತು. ತಕ್ಕಡಿಯನ್ನು ಬಟ್ಟೆಯಿಂದ ಒರೆಸುತ್ತ ಮೆತ್ತಗೆ ಹೇಳಿದ.

"ನಿನ್ನ ನೆನಪಿಗೆ ಆರ್ಟ್ಸ್ ಛಲೋ ಅದವ್ವ. ಅಲ್ಲಿ ನೀ ರಾಣಿ ಹಂಗ ಪಾಸಾಗ್ತಿ. ಹುಣಸಗ್ಯಾಗ ಆರ್ಟ್ಸ್ ಕಾಲೇಜ್ ಅದ, ಅತ್ತಿ ಮನ್ಯಾಗ ಇದ್ದು ಓದು. ಒಂದು ವರ್ಷ ಹೋದ್ರ ಹೋಗ್ಲಿ."

"ಶನಿವಾರದ ಟೆಸ್ಟ್ ಒಂದು ಆಗ್ಲಿ ತಡಿಯಪ್ಪ."

"ಆಯ್ತು. ಅದರಾಗ ಪಾಸಾದ್ರ ಇಲ್ಲೇ ಓದು. ಇಲ್ಲಂದ್ರ ನಾ ಅತ್ತಿಗಿ ಫೋನ್ ಮಾಡ್ತೀನಿ. ಮತ್ತ ಅಳೂದು ಕರಿಯೂದು ಮಾಡಬ್ಯಾಡ."

ಲಿಂಗಣ್ಣ ಕೆಟ್ಟ ಮನುಷ್ಯನಲ್ಲ. ಮಗಳು ಸೋಲುವುದನ್ನು ನೋಡಲಾರದವನು. ಅವಳಿಗೆ ಸೈನ್ಸ್ ಯಾಕೆ ಬೇಕೆಂಬುದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಚಳಿಗಾಲದ ಕತ್ತಲೆಯಲ್ಲಿ ಆಯಿಯ ಉಣ್ಣೆಯ ಶಾಲು ಎಳೆದಾಗ ಚಿಟಚಿಟ ಎಂದು ಸಣ್ಣ ಕಿಡಿಗಳು ಹಾರುತ್ತಿದ್ದವು. ಅದು ಶಿವನ ಬೆಳಕು ಎನ್ನುತ್ತಿದ್ದಳು ಆಯಿ. ಬಸವೇಶ್ವರಿ ಅದನ್ನು ನಂಬಿದ್ದಳು, ಆದರೆ ಅವನು ಅದನ್ನು ಯಾವ ರೀತಿ ಹಚ್ಚುತ್ತಾನೆಂದು ತಿಳಿಯಬೇಕಾಗಿತ್ತು. ಅಪ್ಪನಿಗೆ ಇದನ್ನು ಹೇಳಲು ಅವಳಿಗೆ ನಾಚಿಕೆ.

ಮರುದಿನ ತರಗತಿ ಬಿಟ್ಟ ಮೇಲೆ ಅವಳು ದುರ್ಗಾದೇವಿಯ ಪಕ್ಕ ಬಂದು ಕುಳಿತಳು. ದುರ್ಗಾದೇವಿ ಸುರಪುರದ ಕಡೆಯವಳು, ಶಹಾಪುರದ ಹಾಸ್ಟೆಲಿನಲ್ಲಿದ್ದು ಓದುವವಳು. ಮೊದಲ ಟೆಸ್ಟಿನಲ್ಲಿ ಪಾಸಾದ ಕೆಲವೇ ಕೆಲವರಲ್ಲಿ ಅವಳೊಬ್ಬಳು.

"ನಿಂಗ ಹೆಂಗ ಬಂತು ದುರ್ಗಾ?"

"ನನ್ನ ತಲಿಯಾಗ ಏನೂ ನಿಲ್ಲಂಗಿಲ್ಲಲೇ. ಬಾಯಿಪಾಠ ಮಾಡಿದ್ದು ಹಾಸ್ಟೆಲ್ ಬಾಗಿಲ ದಾಟೂದ್ರಾಗ ಸೋರಿ ಹೋಗ್ತದ. ಅದಕ್ಕ ಪ್ರತಿ ಸಲ ಚಿತ್ರ ಬರೀತೀನಿ." ಅವಳು ಎರಡು ಸುತ್ತು ಬರೆದು, ನಡುವೆ ಒಂದು ಚುಕ್ಕೆ ಇಟ್ಟಳು. "ಈ ಚುಕ್ಕಿ ನೀನು. ನೀ ಪ್ಲಸ್. ಈ ಕಡಿ ಪ್ಲಸ್ ಚಾರ್ಜ್ ನಿನಗ ಏನ್ ಮಾಡ್ತದ?"

"ನೂಕ್ತದ."

"ಆ ಕಡಿ ಮೈನಸ್?"

"ಎಳೀತದ."

"ಒಬ್ಬಾಕಿ ಬೆನ್ನಿಗಿ ನೂಕ್ಲಾಕತ್ಯಾಳ, ಒಬ್ಬಾಕಿ ಕೈ ಹಿಡದು ಎಳೀಲಾಕತ್ಯಾಳ. ನೀ ನಿಂತಲ್ಲೇ ನಿಂದ್ರತಿಯೇನು?"

"ಇಲ್ಲ. ಎರಡೂ ಒಂದೇ ಕಡಿ."

"ಮತ್ತ ಕೂಡ್ಸು."

ಒಂದೊಂದರದು ನಾಲ್ಕೂವರೆ ಲಕ್ಷ ನ್ಯೂಟನ್ ಪ್ರತಿ ಕೂಲಂಬಿಗೆ. ಎರಡೂ ಕೂಡಿ ಒಂಬತ್ತು ಲಕ್ಷ, ಮೈನಸ್ಸಿನ ಕಡೆಗೆ. ಇನ್ನು ವಿಭವ. ಅದಕ್ಕೆ ದಿಕ್ಕಿಲ್ಲ, ಬರೀ ಹೆಚ್ಚು ಕಡಿಮೆ. ಪ್ಲಸ್ಸಿನಿಂದ ತೊಂಬತ್ತು ಸಾವಿರ, ಮೈನಸ್ಸಿನಿಂದ ಋಣ ತೊಂಬತ್ತು ಸಾವಿರ. ಕೂಡಿದರೆ ಸೊನ್ನೆ. ತಾನು ಎಲ್ಲಿ ಸೊನ್ನೆ ಬರೆದಿದ್ದಳೋ ಅಲ್ಲಿ ಬಲವಿತ್ತು, ಎಲ್ಲಿ ಲಕ್ಷ ಬರೆದಿದ್ದಳೋ ಅಲ್ಲಿ ಸೊನ್ನೆಯಿತ್ತು.

"ನಿನ್ನ ತಲಿ ಜೆರಾಕ್ಸ್ ಮಷಿನ್ನು," ಎಂದಳು ದುರ್ಗಾದೇವಿ. "ಹಾಕಿದ್ದು ಹಂಗೇ ಹೊರಗ ಬರ್ತದ. ಏನ್ ಹಾಕ್ಯಾರ ಅಂತ ಅದಕ್ಕ ಗೊತ್ತಿರಂಗಿಲ್ಲ."

ಬೇರೆ ಯಾರಾದರೂ ಹೀಗೆಂದಿದ್ದರೆ ಬಸವೇಶ್ವರಿ ಎದ್ದು ಹೋಗುತ್ತಿದ್ದಳು. ದುರ್ಗಾದೇವಿ ಮಾತ್ರ ನಗುತ್ತ ಹೇಳಿ, ಬುತ್ತಿಯಲ್ಲಿ ಉಳಿದಿದ್ದ ಅರ್ಧ ರೊಟ್ಟಿ ಮುರಿದು ಕೊಟ್ಟಳು.

ಆ ವಾರ ನಡೆದದ್ದು ಕಲಿಯುವ ಕೆಲಸವಲ್ಲ, ನಾಲಿಗೆಯನ್ನು ತಡೆಯುವ ಕೆಲಸ. ಲೆಕ್ಕದ ಮೊದಲ ಸಾಲು ಓದುತ್ತಿದ್ದ ಹಾಗೆ ಹಳೆಯ ಉತ್ತರ ತಾನಾಗಿಯೇ ಬಂದು ತುಟಿಗೆ ನಿಲ್ಲುತ್ತಿತ್ತು. ಕೆಪಾಸಿಟರ್ ಲೆಕ್ಕದಲ್ಲಂತೂ ಅವಳು ಮತ್ತೆ ಮತ್ತೆ ಎಡವಿದಳು. ತಟ್ಟೆಗಳ ನಡುವೆ ಗಾಜಿನ ಹಲಗೆಯಂಥ ಅವಾಹಕವನ್ನು ತೂರಿಸಿದರೆ ಶಕ್ತಿ ಹೆಚ್ಚುತ್ತದೆಂದು ಅವಳು ಬಾಯಿಪಾಠ ಮಾಡಿದ್ದಳು.

"ಬ್ಯಾಟರಿ ಅದನೋ, ತೆಗೆದಾರೋ? ಮೊದಲ ಅದನ್ನ ಕೇಳು," ಎಂದು ದುರ್ಗಾದೇವಿ ಪೆನ್ನಿನಿಂದ ಅವಳ ಬೆರಳಿಗೆ ತಟ್ಟಿದಳು. "ಬ್ಯಾಟರಿ ಇದ್ರ ವೋಲ್ಟೇಜ್ ಅದು ಹಿಡಕೊಂಡಿರ್ತದ, ಬೇಕಾದಷ್ಟು ಚಾರ್ಜ್ ತಂದು ಹಾಕ್ತದ. ತೆಗೆದ್ರ ಚಾರ್ಜ್ ಎಲ್ಲಿ ಹೋಗ್ಬೇಕು? ದಾರಿ ಎಲ್ಲದ?"

ಸಂಜೆ ಆಯಿಯ ಜೊತೆ ವಚನ ಹೇಳುವಾಗ ಬಸವೇಶ್ವರಿ ನಡುವೆಯೇ ನಿಂತಳು. ಇಷ್ಟು ವರ್ಷ ಹೇಳಿಕೊಂಡು ಬಂದ ಆ ಸಾಲಿನಲ್ಲಿ ಏನಿದೆ ಎಂದು ತಾನೆಂದೂ ನೋಡಿರಲಿಲ್ಲ ಎಂಬುದು ತಟ್ಟನೆ ಹೊಳೆಯಿತು.

"ಆಯಿ, ಈ ಸಾಲು ಅಂದ್ರ ಏನು?"

ಹಂಪಮ್ಮ ವಿಭೂತಿಯ ಬೆರಳನ್ನು ಒರೆಸಿಕೊಂಡಳು.

"ನನಗೂ ಪೂರಾ ತಿಳಿದಿಲ್ಲವ್ವ. ಆದ್ರ ಹೇಳ್ಕೋತ ಹೇಳ್ಕೋತ ಒಂದೊಂದಿನ ನಿಂತು ಕೇಳ್ತೀನಿ. ನಿಂತ ದಿನ ಶಿವ ಏನರೆ ಕೊಟ್ಟೇ ಕಳಸ್ತಾನ."

ಶನಿವಾರ ಬಂತು. ಅಂಗಡಿಗೆ ಸಾಮಾನು ತರಲು ಲಿಂಗಣ್ಣ ಶಹಾಪುರಕ್ಕೆ ಬರುವ ದಿನವೂ ಅದೇ. ಮಗಳ ಜೊತೆ ಟಂಟಂ ಆಟೋದಲ್ಲಿ ಬಂದವನು ಪೇಟೆಗೆ ಹೋಗದೆ ಕಾಲೇಜಿನ ಬೇವಿನ ಮರದ ಕೆಳಗೆ ಚೀಲ ಮಡಚಿಟ್ಟು ಕುಳಿತ.

ಒಳಗೆ ಬಸವೇಶ್ವರಿ ಪ್ರಶ್ನೆ ಓದಿದಳು. ಎರಡು ಮೈಕ್ರೊಫ್ಯಾರಡ್ ಕೆಪಾಸಿಟರ್, ನೂರು ವೋಲ್ಟಿಗೆ ಚಾರ್ಜ್ ಮಾಡಿದೆ. ಅವಾಹಕಾಂಕ ಐದಿರುವ, ಅಂದರೆ ಕೆಪಾಸಿಟರಿನ ಧಾರಕತೆಯನ್ನು ಐದು ಪಟ್ಟು ಮಾಡುವ ಹಲಗೆಯನ್ನು ಪೂರ್ತಿ ತುಂಬುವಂತೆ ತೂರಿಸಿದೆ. ಅಷ್ಟು ಓದುವುದರೊಳಗೆ ಹಳೆಯ ಉತ್ತರ ಬಂದೇಬಿಟ್ಟಿತು, ಶಕ್ತಿ ಐದು ಪಟ್ಟು ಎಂದು. ಪೆನ್ನು ಆಗಲೇ ಅರ್ಧ ಸಾಲು ಬರೆದಿತ್ತು. ಅವಳು ಪೆನ್ನನ್ನು ಮೇಲೆತ್ತಿದಳು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಶಿವನನ್ನು ನೆನೆದು, ಮತ್ತೆ ಮೊದಲಿನಿಂದ, ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದಳು. ಅಲ್ಲಿತ್ತು: ಹಲಗೆ ತೂರಿಸುವ ಮೊದಲು ಬ್ಯಾಟರಿಯನ್ನು ತೆಗೆಯಲಾಗಿದೆ.

ಬರೆದ ಅರ್ಧ ಸಾಲನ್ನು ಹೊಡೆದು ಹಾಕಿದಳು. ಚಾರ್ಜು ಹೋಗಲು ದಾರಿಯಿಲ್ಲ. ಇನ್ನೂರು ಮೈಕ್ರೊಕೂಲಂಬ್ ಇದ್ದದ್ದು ಇದ್ದ ಹಾಗೇ ಇದೆ. ಧಾರಕತೆ ಹತ್ತು ಮೈಕ್ರೊಫ್ಯಾರಡ್ ಆಯಿತು, ವೋಲ್ಟೇಜು ಇಪ್ಪತ್ತಕ್ಕೆ ಇಳಿಯಿತು. ಒಂದು ಜೌಲಿನ ನೂರರಲ್ಲೊಂದು ಭಾಗವಿದ್ದ ಶಕ್ತಿ ಅದರ ಐದರಲ್ಲಿ ಒಂದಾಯಿತು. ಉಳಿದದ್ದು ಎಲ್ಲಿ ಹೋಯಿತು? ಆ ಪ್ರಶ್ನೆಯೂ ಕೆಳಗಿತ್ತು. ಹೋದ ವರ್ಷದ ಹಾಳೆಯಲ್ಲಿ ಅದರ ಉತ್ತರವಿರಲಿಲ್ಲ. ಅವಳು ತಟ್ಟೆಗಳನ್ನೂ, ಅಂಚಿನಲ್ಲಿ ಒಳಗೆ ಹೋಗುತ್ತಿರುವ ಹಲಗೆಯನ್ನೂ ಬರೆದಳು. ಬಾಣ ಎತ್ತ ಹಾಕಲಿ ಎಂದು ಬಹಳ ಹೊತ್ತು ನೋಡಿದಳು. ಆಮೇಲೆ ಒಳಮುಖವಾಗಿ ಹಾಕಿ, ಕ್ಷೇತ್ರವೇ ಹಲಗೆಯನ್ನು ಒಳಗೆ ಎಳೆಯುತ್ತದೆ, ಶಕ್ತಿ ಆ ಕೆಲಸಕ್ಕೆ ಖರ್ಚಾಗಿದೆ ಎಂದು ಬರೆದಳು. ಗಂಟೆ ಹೊಡೆಯುವವರೆಗೂ ಅವಳು ಬರೆಯುತ್ತಲೇ ಇದ್ದಳು.

ಮೇಡಂ ಪೇಪರನ್ನು ಅಲ್ಲೇ ತಿದ್ದಿ, ಅದನ್ನು ಕೈಯಲ್ಲಿ ಹಿಡಿದೇ ಬೇವಿನ ಮರದ ಕಡೆಗೆ ಬಂದರು. ಬಸವೇಶ್ವರಿ ಹಿಂದೆ ಹಿಂದೆ ಬಂದಳು. ಲಿಂಗಣ್ಣ ಎದ್ದು ನಿಂತ.

"ನಮಸ್ಕಾರ್ರಿ ಮೇಡಂ. ಏನಾಯ್ತ್ರಿ?"

"ಪಾಸಾಗ್ಯಾಳ್ರಿ. ಕೆಪಾಸಿಟರ್ ಲೆಕ್ಕಕ್ಕ ಪೂರಾ ಅಂಕ. ಇಲ್ಲೊಂದು ತಪ್ಪ್ಯಾಳ ನೋಡ್ರಿ. ಅರವತ್ತು ಸೆಂಟಿಮೀಟರ್ ದೂರದಾಗ ನಾಲ್ಕು ನಾಲ್ಕು ಮೈಕ್ರೊಕೂಲಂಬ್, ಒಂದು ಪ್ಲಸ್, ಒಂದು ಮೈನಸ್. ಚಿತ್ರ ಬರೋಬರಿ ಅದ, ದಿಕ್ಕು ಬರೋಬರಿ ಅದ, ವಿಭವ ಸೊನ್ನಿ ಅಂದಾಳ, ಅದೂ ಬರೋಬರಿ. ನಟ್ಟ ನಡುವ ಕ್ಷೇತ್ರ ಎಂಟು ಲಕ್ಷ ಬರ್ಬೇಕು. ಎಂಬತ್ತು ಸಾವಿರ ಬರದಾಳ."

ಲಿಂಗಣ್ಣನಿಗೆ ಚಾರ್ಜು ತಿಳಿಯದಿದ್ದರೂ ಲೆಕ್ಕ ತಿಳಿಯುತ್ತಿತ್ತು. ಅವನ ಹುಬ್ಬು ಗಂಟಾಯಿತು.

"ಹತ್ತರಾಗ ಒಂದು ಪಾಲು. ಇಷ್ಟು ದೊಡ್ಡ ತಪ್ಪಿಗೂ ಪಾಸೇನ್ರಿ? ಅಂಗಡ್ಯಾಗ ಹಿಂಗ ಮಾಡಿದ್ರ ಬಾಗಿಲ ಹಾಕ್ಬೇಕಾಗ್ತದ."

ಮೇಡಂ ನಕ್ಕರು. "ಹೋದ ಸಲ ಈಕಿ ಒಂದೂ ತಪ್ಪು ಮಾಡಿರ್ಲಿಲ್ರಿ, ಸೊನ್ನಿ ಕೊಟ್ಟೆ. ಅದು ಯಾರದೋ ಉತ್ತರ. ಈ ತಪ್ಪು ಈಕೀದೇ. ಇಂಥ ತಪ್ಪು ನಾ ತಿದ್ದಬಲ್ಲೆ. ಯಾರದೋ ಉತ್ತರಕ್ಕ ನಾ ಏನ್ ಮಾಡ್ಲಿ ಹೇಳ್ರಿ?"

ಲಿಂಗಣ್ಣ ಪೇಪರನ್ನು ಎರಡೂ ಕೈಯಿಂದ ಹಿಡಿದು ನೋಡಿದ. ಮಗಳು ಬರೆದ ಸುತ್ತುಗಳು, ಬಾಣಗಳು, ಒಂದು ಕಡೆ ಹೊಡೆದು ಹಾಕಿದ ಅರ್ಧ ಸಾಲು. ಅವನ ಕಣ್ಣು ಆ ಹೊಡೆದ ಸಾಲಿನ ಮೇಲೆ ನಿಂತಿತು. ಅವಳು ಬರೆದದ್ದನ್ನು ಹೊಡೆದು ಹಾಕಿದ್ದನ್ನು ಅವನು ಇದೇ ಮೊದಲು ಕಂಡಿದ್ದ.

ಅವನು ಜೇಬಿನಿಂದ ಮೊಬೈಲ್ ತೆಗೆದು, ಸ್ವಲ್ಪ ದೂರ ಹೋಗಿ ನಿಂತ. ಮಾತು ಇತ್ತ ಕೇಳುತ್ತಲೇ ಇತ್ತು.

"ಅಕ್ಕಾ, ನಾ ಲಿಂಗಣ್ಣ. ಬಸವೇಶ್ವರಿ ಬರಂಗಿಲ್ಲ, ಇಲ್ಲೇ ಓದ್ತಾಳ... ಹೌದು, ಸೈನ್ಸೇ... ತಪ್ಪ್ತಾಳ, ತಪ್ಪ್ತಾಳ. ಮೇಡಮ್ಮಾರು ತಿದ್ತಾರಂತ."

ಬಸವೇಶ್ವರಿ ಆ ಹೊತ್ತಿಗೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಬೇವಿನ ಕಡ್ಡಿಯಿಂದ ಮಣ್ಣಿನಲ್ಲಿ ಮೂರನ್ನು ಮೂರರಿಂದ ಗುಣಿಸಿ, ದಶಮಾಂಶದ ಚುಕ್ಕೆಯನ್ನು ಎಲ್ಲಿಡಬೇಕೆಂದು ನೋಡುತ್ತಿದ್ದಳು. ನಟ್ಟ ನಡುವಿಗೆ ಮೂವತ್ತು ಸೆಂಟಿಮೀಟರ್, ಅಂದರೆ ಸೊನ್ನೆ ಬಿಂದು ಮೂರು ಮೀಟರ್; ಅದರ ವರ್ಗ ಸೊನ್ನೆ ಬಿಂದು ಒಂಬತ್ತಲ್ಲ. ಚುಕ್ಕೆ ಇನ್ನೊಂದು ಮನೆ ಎಡಕ್ಕೆ ಸರಿಯಬೇಕು.

"ಸಿಕ್ತು ರಿ ಮೇಡಂ," ಎಂದಳು ತಲೆಯೆತ್ತದೆ. "ಸೊನ್ನಿ ಬಿಂದು ಸೊನ್ನಿ ಒಂಬತ್ತು."

"ಮುಂದ?"

"ನಿಂದರ್ರಿ," ಎಂದು ಅವಳು ಕಡ್ಡಿಯನ್ನು ಮತ್ತೆ ಮಣ್ಣಿಗೆ ಊರಿದಳು.