ಎಲೆಯ ಕಾಲಲ್ಲಿದ್ದ ಮೂರಕ್ಷರ

ಪಿಯುಸಿ ಓದುತ್ತಿದ್ದ ಹುಡುಗಿಗೆ ಕಣ್ಣು ಪೂರ್ತಿ ಹೋದದ್ದು ಪರೀಕ್ಷೆಯ ಹಿಂದಿನ ವರ್ಷ. ಓದು ಬಿಡಲ್ಲ ಅಂತ ಹಟ ಹಿಡಿದಳು. ದರ್ಜಿ ಕೆಲಸದ ಅಪ್ಪ ಸಂಜೆ ಅಂಗಡಿ ಮುಚ್ಚಿ ಬಂದು, ತಡವರಿಸುತ್ತಾ ಜೀವಶಾಸ್ತ್ರ ಓದಿ ಹೇಳುತ್ತಿದ್ದ. ಚಿತ್ರ ಬಂದಾಗ ದಾರಕ್ಕೆ ಗುಂಡಿ ಪೋಣಿಸಿ ಅವಳ ಬೆರಳಿಗೆ ಕೊಡುತ್ತಿದ್ದ.

"ಇದು ಎಂಆರ್‌ಎನ್‌ಎ. ಮೂರು ಮೂರು ಗುಂಡಿ ಸೇರಿ ಒಂದು ಕೋಡಾನ್."

"ಅದರ ಮೇಲೆ ಬಂದು ಕೂರೋ, ಮೂರೆಲೆ ಆಕಾರದ ಟಿಆರ್‌ಎನ್‌ಎ ಕಾಲಲ್ಲಿ ಕೋಡಾನಿಗೆ ಎದುರಾಗಿ ಇರೋ ಮೂರಕ್ಷರ ಆಂಟಿಕೋಡಾನ್, ಅಲ್ವಾಪ್ಪ? ಅಮೈನೋ ಆಮ್ಲ ಯಾವುದು ಅಂತ ಕೋಷ್ಟಕದಲ್ಲಿ ಹುಡುಕೋದು ಮಾತ್ರ ಕೋಡಾನ್ ಹಿಡಿದು."

"ನನಗೇನು ಗೊತ್ತಮ್ಮ, ನೀನೇ ಹೇಳು," ಅಂತ ಅಪ್ಪ ನಕ್ಕುಬಿಡುತ್ತಿದ್ದ.

ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಬೇರೆ ಶಾಲೆಯ ಚಿಕ್ಕ ತರಗತಿಯ ಹುಡುಗಿಯೊಬ್ಬಳು ಬಂದಿದ್ದಳು. ಆ ಪಾಠ ಅವಳಿಗೆ ಗೊತ್ತಿಲ್ಲ. ಗೊತ್ತಿರಲೂ ಬಾರದು, ಅದೇ ನಿಯಮ. ಪ್ರತಿಲೇಖನದ ಪ್ರಶ್ನೆ ಸಲೀಸಾಗಿ ಮುಗಿಯಿತು. ಡಿಎನ್‌ಎ ಅಚ್ಚಿನ ಎಳೆ TACGGA, ಎಂಆರ್‌ಎನ್‌ಎ AUGCCU. ಆಮೇಲೆ ಅನುವಾದದ, ಅಂದರೆ ಕೋಡಾನಿಗೆ ತಕ್ಕ ಅಮೈನೋ ಆಮ್ಲ ಹೇಳುವ ಚಿತ್ರ ಬಂತು.

"ಉದ್ದ ಗೆರೆ ಇದೆ ಅಕ್ಕ, ಮೇಲೆ ಮೂರು ದಳದ ಎಲೆ ತರ ಏನೋ. ಒಂದೇ ಕಡೆ ಅಕ್ಷರ ಇದೆ, ಎ ಯು ಜಿ. ಇನ್ನೊಂದು ಕಡೆ ಖಾಲಿ. ಕೋಡಾನ್ ಮತ್ತೆ ಅಮೈನೋ ಆಮ್ಲ ಬರೀಬೇಕಂತೆ."

"ಅಕ್ಷರ ಗೆರೆ ಮೇಲಿದ್ಯಾ, ಎಲೆ ಕಾಲಲ್ಲಿದ್ಯಾ?"

ಕೊಠಡಿ ಮೇಲ್ವಿಚಾರಕರು ಎದುರಿಗೆ ಬಂದು ನಿಂತರು. "ಉತ್ತರ ಚರ್ಚೆ ಮಾಡ್ತಿದ್ದೀರಾ?"

"ಇಲ್ಲ ಸರ್, ಚಿತ್ರ ಹೇಗಿದೆ ಅಂತ ಕೇಳ್ತಿದ್ದೀನಿ."

"ಪ್ರಶ್ನೆ ಓದೋದು, ಹೇಳಿದ್ದು ಬರೆಯೋದು, ಅಷ್ಟೇ. ಇನ್ನೊಂದು ಮಾತಾಡಿದ್ರೆ ಇಬ್ಬರನ್ನೂ ಹೊರಗೆ ಕಳಿಸ್ತೀನಿ."

ಚಿಕ್ಕವಳ ಬಾಯಿ ಕಟ್ಟಿಹೋಯಿತು. ದೊಡ್ಡವಳು ಕಾದಳು. ಮೇಲ್ವಿಚಾರಕರ ಚಪ್ಪಲಿಯ ಸದ್ದು ದೂರ ಸರಿಯಲೇ ಇಲ್ಲ. AUG ಅಂದರೆ ಆರಂಭದ ಕೋಡಾನ್, ಎಂಆರ್‌ಎನ್‌ಎ ಗೆರೆಯ ಮೇಲೇ ಇರಬೇಕು ಅಂದುಕೊಂಡು ಹೇಳಿದಳು: "ಕೋಡಾನ್ AUG. ಮೆಥಿಯೋನಿನ್."

ಹೊರಗೆ ಬಂದ ಮೇಲೆ ಚಿಕ್ಕವಳು ಅವಳ ತೋಳು ಹಿಡಿದು ಬಿಕ್ಕಿದಳು. "ಅಕ್ಷರ ಎಲೆ ಕಾಲಲ್ಲಿತ್ತು ಅಕ್ಕ. ಹೇಳೋಕೆ ಭಯ ಆಯ್ತು."

ದೊಡ್ಡವಳು ಮನಸ್ಸಿನಲ್ಲೇ ಗುಂಡಿಗಳನ್ನು ಜೋಡಿಸಿ ನೋಡಿದಳು. ಹಾಗಾದರೆ AUG ಆಂಟಿಕೋಡಾನ್. ಅಕ್ಷರಕ್ಕೆ ಅಕ್ಷರ ಎದುರಿಟ್ಟರೆ ಕೋಡಾನ್ UAC. ಬರೆಯಬೇಕಿದ್ದದ್ದು ಟೈರೋಸಿನ್.

"ಹೋಗ್ಲಿ ಬಿಡು," ಅಂದಳು. ಆ ಮಗುವಿನ ಮೇಲೆ ಸಿಟ್ಟು ಬರಲಿಲ್ಲ.

ಅಪ್ಪ ಪ್ರಾಂಶುಪಾಲರ ಕೋಣೆಗೆ ಹೋಗಿ, ನಡೆದದ್ದು ಹೇಳಿ ಕೈಮುಗಿದು ನಿಂತ. "ಉತ್ತರಪತ್ರಿಕೆ ಸೀಲ್ ಆಯ್ತಲ್ಲ, ಈಗ ನಮ್ಮ ಕೈಲಿ ಏನೂ ಇಲ್ಲ," ಅಂದರು ಅವರು. ಮೇಲ್ವಿಚಾರಕರು ಅಲ್ಲೇ ಚಹಾ ಕುಡಿಯುತ್ತಿದ್ದರು.

ಜೀವಶಾಸ್ತ್ರ ಹೋಯಿತು, ಎರಡೇ ಅಂಕಕ್ಕೆ. ಆ ಚಿತ್ರದ ಪ್ರಶ್ನೆಗೆ ನಾಲ್ಕು ಅಂಕವಿತ್ತು. ಅವಳು ಕಾದು ಕೂತಿದ್ದ ಫಿಸಿಯೋಥೆರಪಿ ಕೋರ್ಸಿನ ಸೀಟು ಬೇರೆಯವರ ಪಾಲಾಯಿತು.

"ಪರೀಕ್ಷೆಗೆ ಮತ್ತೆ ಕಟ್ಟೋಣಮ್ಮ," ಅಂದ ಅಪ್ಪ.

"ಕಟ್ತೀನಿ. ಆದ್ರೆ ಯಾರು ಬರೀತಾರಪ್ಪ? ಅವರೂ ಹೆದರಿಕೊಂಡ್ರೆ?"

ಅಪ್ಪ ಗುಂಡಿ ಪೋಣಿಸಿದ ದಾರವನ್ನು ಅವಳ ಕೈಗಿಟ್ಟ. ಆಮೇಲೆ ಅಂಗಡಿ ತೆರೆಯಲು ಎದ್ದು ಹೋದ.