ಬರಬೇಕಾದವನು ಬಂದ ಮಧ್ಯಾಹ್ನ

"ಮತ್ತೊಂದು ಸಲ ಕೇಳ್ತೀನಿ ಸಿನ್ಯೋರಾ. ಬರಬೇಕಾದವನು ಯಾರು?"

ಬೆರ್ರುಯೆತಾ ಎರಡನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದ. ಓವರ್‌ಕೋಟಿನ ಒಂದು ಗುಂಡಿಯನ್ನೂ ಬಿಚ್ಚಿರಲಿಲ್ಲ. ನಾಟಕಗಳಿಗೆ ಪರವಾನಗಿ ಕೊಡುವ ಪೊಲೀಸ್ ಅಧಿಕಾರಿ ಅವನು. ಶನಿವಾರದ ಮೊದಲ ಪ್ರದರ್ಶನ ನಡೆಯಬೇಕೋ ಬೇಡವೋ ಎಂಬುದು ಅವನ ಕೈಯಲ್ಲಿತ್ತು. ಟೋಪಿ ಅಂಗಡಿಯ ಕೆಳಗಿನ ಆ ನೆಲಮಾಳಿಗೆಯಲ್ಲಿ ಸೀಮೆಎಣ್ಣೆ ಸ್ಟೋವ್ ಉರಿಯುತ್ತಿದ್ದರೂ ದಕ್ಷಿಣಾರ್ಧಗೋಳದ ಜುಲೈ ಚಳಿ ಗೋಡೆಯಿಂದಲೇ ಇಳಿದು ಬರುತ್ತಿತ್ತು. ಮೊಂತೆವಿದೆಯೊ ನಗರದಲ್ಲಿ ಸೇನೆಯ ಆಡಳಿತ ಶುರುವಾದ ಮೇಲೆ ಇಂಥ ಸಣ್ಣ ರಂಗಮಂದಿರಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಇದೊಂದು ಹೇಗೋ ಉಳಿದುಕೊಂಡಿತ್ತು.

"ಯಾರು ಅಂತ ನಾಟಕದಲ್ಲಿ ಹೇಳಿಲ್ಲ ಸಾಹೇಬರೇ," ಎಂದಳು ಎಲ್ವಿರಾ ತೆಚೆರಾ. ನಾಟಕ ಆಡಿಸುತ್ತಿದ್ದವಳು ಅವಳು. ಕೈಯಲ್ಲಿದ್ದ ಸೋರೆಬುರುಡೆಯಲ್ಲಿ ಮಾತೆ ಎಂಬ ಎಲೆಚಹಾ ಆಗಲೇ ತಣ್ಣಗಾಗಿತ್ತು. "ಕೆಲವರು ದೇವರು ಅಂತಾರೆ. ಕೆಲವರು ಸಾವು ಅಂತಾರೆ. ಧಣಿ ಅನ್ನೋರೂ ಇದ್ದಾರೆ. ಬರೆದವನು ಮಾತ್ರ ಬಾಯಿ ಬಿಟ್ಟಿಲ್ಲ."

"ಬರೆದವನಿಗೇ ಗೊತ್ತಿಲ್ಲದೆ ಇಷ್ಟು ಪುಟ ತುಂಬಿಸಿದನಾ?"

"ಬರೋನ ಬಗ್ಗೆ ಅಲ್ಲ ಇದು. ಕಾಯೋರ ಬಗ್ಗೆ. ಇಬ್ಬರು ದಾರಿಬದಿಯಲ್ಲಿ, ಒಂದು ಮರದ ಹತ್ರ ಕಾಯ್ತಾರೆ. ಸಂಜೆ ಒಂದು ಸುದ್ದಿ ಬರುತ್ತೆ, ಇವತ್ತಾಗಲ್ಲ, ನಾಳೆ ಖಂಡಿತ ಅಂತ. ಮಾರನೇ ದಿನ ಮತ್ತೆ ಅದೇ. ನಿನ್ನೆ ಏನಾಯ್ತು ಅನ್ನೋದೂ ಅವರಿಗೆ ಸರಿಯಾಗಿ ನೆನಪಿರಲ್ಲ. ಬರ್ತೀನಿ ಅಂತ ಅವನು ನಿಜವಾಗಿ ಹೇಳಿದ್ದನಾ? ಜಾಗ ಇದೇನಾ? ಅದೂ ಗೊತ್ತಿಲ್ಲ. ಹೋಗೋಣ ಅಂದ್ಕೋತಾರೆ, ಹೋಗಲ್ಲ."

"ಯಾಕೆ ಹೋಗಲ್ಲ? ಯಾರಾದರೂ ಕಟ್ಟಿಹಾಕಿದಾರಾ?"

"ಹೋದರೆ, ಯಾರೂ ಬರಲ್ಲ ಅಂತ ತಾವೇ ಒಪ್ಪಿಕೊಂಡ ಹಾಗಾಯ್ತಲ್ಲ. ಆಮೇಲೆ ಮಾರನೇ ದಿನ ಬೆಳಿಗ್ಗೆ ಏಳೋದಾದರೂ ಯಾತಕ್ಕೆ? ಕಾಯ್ತಿದ್ದರೆ ದಿನಕ್ಕೊಂದು ಆಕಾರ ಇರುತ್ತೆ. ಜೊತೆಗೊಬ್ಬ ಇರ್ತಾನೆ. ಮಧ್ಯೆ ಜಗಳ, ಮುನಿಸು, ಟೋಪಿ ಬದಲಾಯಿಸೋದು, ಬೂಟು ಕೀಳೋದು. ಹೊತ್ತು ಕಳೀಬೇಕಲ್ಲ."

ವೇದಿಕೆಯ ಮೇಲೆ ಆ ಇಬ್ಬರ ವೇಷದಲ್ಲಿ ನಿಂತಿದ್ದ ನಟರು ಮಿಲ್ಟನ್ ಮತ್ತು ಒಲೆಗಾರಿಯೊ. ನಡುವೆ, ನೀರಿನ ಪೈಪು ಬಗ್ಗಿಸಿ ಮಾಡಿದ ಬೋಳು ಮರ. ಬೆರ್ರುಯೆತಾನ ಮುಂದೆ ಇಡೀ ನಾಟಕ ಆಡಿ ಮುಗಿಸಿದ್ದರು. ದಾರಿಯಲ್ಲಿ ಹಾದುಹೋಗುವ ಯಜಮಾನ, ಅವನು ಹಗ್ಗ ಕಟ್ಟಿ ನಡೆಸುವ ಆಳು, ಆ ಎರಡು ಪಾತ್ರದವರು ಹಗಲು ಕೆಲಸಕ್ಕೆ ಹೋಗಿದ್ದರಿಂದ ಎಲ್ವಿರಾಳೇ ಅವರ ಮಾತುಗಳನ್ನು ಓದಿದ್ದಳು. ಸಂಜೆ ಸುದ್ದಿ ತರುವವನ ಮಾತನ್ನೂ ಓದಿದ್ದಳು.

ಮಿಲ್ಟನ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಒಲೆಗಾರಿಯೊ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವನು. ಹೋದ ವರ್ಷ ಅವನನ್ನು ಮನೆಯಿಂದ ಕರೆದೊಯ್ದು ಸೈನಿಕರ ಶಿಬಿರದಲ್ಲಿಟ್ಟಿದ್ದರು. ಬೇಸಿಗೆ ಮುಗಿಯುವ ಹೊತ್ತಿಗೆ ಬಿಟ್ಟರು. ಕೆಲಸ ಹೋಗಿತ್ತು. ಅಲ್ಲಿ ಏನಾಯಿತೆಂದು ಅವನು ಯಾರಿಗೂ ಹೇಳಲಿಲ್ಲ. ಮಿಲ್ಟನ್ ಕೇಳಲೂ ಇಲ್ಲ. ಮನೆಯಲ್ಲಿ ಕೂತು ಕೊರಗುವುದು ಬೇಡವೆಂದು ಬಲವಂತದಿಂದ ಎಳೆದು ತಂದು ಈ ಪಾತ್ರಕ್ಕೆ ಹಾಕಿಸಿದ್ದ.

ಬೆರ್ರುಯೆತಾನ ಕಣ್ಣು ಈಗ ಒಲೆಗಾರಿಯೊನ ಮೇಲಿತ್ತು.

"ಇವತ್ತು ಬರೋದಿಲ್ಲ ಅಂತ ಸುದ್ದಿ ಬಂದಾಗ ಈತ ಬೇಜಾರು ಮಾಡ್ಕೊಂಡ," ಎಂದು ಮಿಲ್ಟನ್‌ನನ್ನು ತೋರಿಸಿದ. "ಅದು ಸರಿ. ಆದರೆ ನೀನು ಉಸಿರು ಬಿಟ್ಟೆ. ಹೆಗಲು ಕೆಳಗಿಳೀತು. ಬಚಾವಾದೋನ ಥರ. ನಾನು ನೋಡ್ದೆ."

ಎಲ್ವಿರಾ ತಾಲೀಮು ಶುರುವಾದಾಗಿನಿಂದ ಇದನ್ನೇ ತಿದ್ದುತ್ತಿದ್ದಳು. ನಿರಾಸೆ ಆಗಬೇಕು ಕಣಪ್ಪಾ, ಸಮಾಧಾನ ಅಲ್ಲ, ಎಂದು ಎಷ್ಟು ಹೇಳಿದರೂ ಒಲೆಗಾರಿಯೊ ತಲೆಯಾಡಿಸಿ ಮತ್ತೆ ಹಾಗೇ ಮಾಡುತ್ತಿದ್ದ.

"ಇನ್ನೊಂದು ದಿನ ಸಿಕ್ಕಿತಲ್ಲ ಅಂತ, ಸಾಹೇಬರೇ," ಎಂದ ಒಲೆಗಾರಿಯೊ.

"ಯಾವುದಕ್ಕೆ?"

"ಕಾಯೋಕೆ."

ಬೆರ್ರುಯೆತಾ ನಗಲಿಲ್ಲ. ಅವನು ದಡ್ಡನಲ್ಲ, ಕಾನೂನು ಓದಿದವನು. ಎದ್ದು ವೇದಿಕೆಯ ಹತ್ತಿರ ಬಂದ.

"ನಾನು ಹೇಳ್ತೀನಿ ಕೇಳಿ. ಶನಿವಾರ ಇಲ್ಲಿ ಬಂದು ಕೂತ್ಕೊಳ್ಳೋರು ಯಾರು? ಮೇಷ್ಟ್ರುಗಳು, ವಿದ್ಯಾರ್ಥಿಗಳು, ಯಾರೋ ಒಬ್ಬರು ಜೈಲು ಸೇರಿರೋ, ಇಲ್ಲ ದೇಶ ಬಿಟ್ಟು ಓಡಿಹೋಗಿರೋ ಮನೆಗಳೋರು. ನಾಳೆ ಖಂಡಿತ ಬರ್ತಾನೆ ಅಂತ ನೀವು ಈ ವೇದಿಕೆ ಮೇಲಿಂದ ಹೇಳಿದರೆ ಅವರ ತಲೇಲಿ ಯಾರು ಬರ್ತಾರೆ? ದೇವರಾ? ಹೆಸರಿಲ್ಲದೋನು ತುಂಬಾ ಅಪಾಯ ಸಿನ್ಯೋರಾ. ಒಬ್ಬೊಬ್ಬರೂ ತಮಗೆ ಬೇಕಾದ ಹೆಸರು ಹಾಕ್ಕೋತಾರೆ."

"ಅದನ್ನ ತಡೆಯೋಕೆ ನನ್ನ ಕೈಲಾಗಲ್ಲ."

"ಆಗುತ್ತೆ. ಅವನನ್ನ ಬರಿಸಿ."

"ಏನಂದ್ರಿ?"

"ಕೊನೇಲಿ ಅವನು ಬರಲಿ. ಬಂದ ಅಂದ್ಮೇಲೆ ಏನಿದೆ? ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಊಟ ಮಾಡ್ತಾರೆ."

ಎಲ್ವಿರಾ ಬುರುಡೆಯನ್ನು ಕುರ್ಚಿಯ ಮೇಲಿಟ್ಟಳು. "ಅವನು ಬಂದರೆ ನಾಟಕ ಉಳಿಯಲ್ಲ ಸಾಹೇಬರೇ. ಅದರ ಬದಲು ಬಾಗಿಲಿಗೆ ಬೀಗ ಜಡೀರಿ."

"ಅದೂ ಆಗುತ್ತೆ," ಎಂದ ಬೆರ್ರುಯೆತಾ, ದನಿ ಏರಿಸದೆ. ಆಮೇಲೆ ಒಲೆಗಾರಿಯೊನ ಕಡೆ ತಿರುಗಿದ. "ನೀನು ಗುರುವಾರ ಗುರುವಾರ ಠಾಣೆಗೆ ಹೋಗಿ ಸಹಿ ಹಾಕ್ತೀಯ ಅಲ್ವಾ? ನಿಲ್ಲಿಸಿದ ನಾಟಕದಲ್ಲಿ ನಿನ್ನ ಹೆಸರಿತ್ತು ಅಂತಾದರೆ ಅಲ್ಲಿ ಚೆನ್ನಾಗಿರಲ್ಲ."

ಒಲೆಗಾರಿಯೊ ಕೈಯಲ್ಲಿದ್ದ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ, ಅಷ್ಟೇ. ಮಿಲ್ಟನ್‌ಗೆ ತಡೆಯಲಾಗಲಿಲ್ಲ.

"ಬರಿಸ್ತೀವಿ! ಬರಿಸ್ತೀವಿ ಸಾಹೇಬರೇ. ಅದೇನು ದೊಡ್ಡ ವಿಷಯ? ನಾಳೆ ಹೊತ್ತಿಗೆ..."

"ನಾಳೆ ಬೇಡ. ನಿಮ್ಮ ನಾಳೆ ನನಗೆ ಗೊತ್ತಾಯ್ತು. ಈಗಲೇ ಮಾಡಿ, ನೋಡೇ ಹೋಗ್ತೀನಿ."

ಪರದೆಯ ಹಿಂದಿನ ಇಕ್ಕಟ್ಟಿನಲ್ಲಿ ಎಲ್ವಿರಾ ಮಿಲ್ಟನ್‌ನ ತೋಳು ಹಿಡಿದು ಜಗ್ಗಿದಳು. "ನಿನ್ನನ್ನ ಯಾರು ಕೇಳಿದ್ದು? ಮರಕ್ಕೆ ಎರಡೆಲೆ ಅಂಟಿಸೋ ಕೆಲಸ ಅಂದ್ಕೊಂಡ್ಯಾ?"

"ಅವನನ್ನ ಮತ್ತೆ ಒಳಗೆ ಹಾಕ್ತಾರೆ ಎಲ್ವಿರಾ! ನಾಟಕ ಅಂತೆ, ನಾಟಕ! ಒಬ್ಬ ನಡಕೊಂಡು ಬಂದು ನಿಂತರೆ ನಿನ್ನ ಗಂಟೇನು ಹೋಗುತ್ತೆ?"

"ಬಂದು ಏನ್ ಹೇಳ್ತಾನೋ? ಹೇಳು ನೋಡೋಣ. ಅವರು ಅವನಿಂದ ಏನ್ ಕೇಳಿದ್ರು ಅಂತ ಅವರಿಗೇ ನೆನಪಿಲ್ಲ. ಏನ್ ಕೊಡ್ತಾನೆ ಅವನು?"

"ಏನೂ ಕೊಡೋದು ಬೇಡ. ಬಂದರೆ ಸಾಕು."

"ಮಾಡೋಣ ಬಿಡಿ," ಎಂದ ಒಲೆಗಾರಿಯೊ. ಅವನ ಮುಖ ತಿಳಿಯಾಗಿತ್ತು. "ಆದರೆ ಅವನು ಬಂದಾಗ ನಾನೇನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಡಿ."

ಬರುವವನಾಗಲು ಬೇರೆ ಯಾರೂ ಇರಲಿಲ್ಲ. ದೀಪ ನೋಡಿಕೊಳ್ಳುವ ಇರಿನೆಯೊನನ್ನು ಕರೆದರು. ದಪ್ಪ ಮೈಯ, ತಮಾಷೆಯ ಮನುಷ್ಯ. ವೇದಿಕೆ ಹತ್ತು ಅಂದರೆ ಬೆವರುವವನು. "ನಾನಾ? ನನಗೆ ಮಾತಾಡೋಕೆ ಬರಲ್ಲ ಮಾರಾಯ್ತಿ, ನನ್ನ ಹೆಂಡ್ತೀನ ಕೇಳು," ಎಂದ. ಮಾತು ಬೇಡ, ಮೆಟ್ಟಿಲಿಳಿದು ಬಂದು ಮರದ ಹತ್ತಿರ ನಿಲ್ಲು ಎಂದರು. ಅವನು ಗೂಟದಲ್ಲಿದ್ದ ತನ್ನ ಕಪ್ಪು ಕೋಟು ಹಾಕಿಕೊಂಡು, ಮಿಲ್ಟನ್ ಕೊಟ್ಟ ಟೋಪಿ ಇಟ್ಟುಕೊಂಡು, ಬೀದಿಯಿಂದ ಇಳಿಯುವ ಮೆಟ್ಟಿಲ ಮೇಲೆ ಹೋಗಿ ನಿಂತ.

ಕೊನೆಯ ದೃಶ್ಯದಿಂದ ಶುರು ಮಾಡಿದರು. ಇಬ್ಬರೂ ಮರದ ಕೆಳಗೆ ನಿಂತರು. ಸೀಮೆಎಣ್ಣೆ ಸ್ಟೋವ್ ಬುಸುಗುಡುವ ಸದ್ದು ಮಾತ್ರ ಇತ್ತು. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು.

ಇರಿನೆಯೊ ಹೆದರಿದ್ದರಿಂದ ನಿಧಾನ ಇಳಿಯುತ್ತಿದ್ದ. ಒಂದು ಹೆಜ್ಜೆ, ಒಂದು ತಡೆ. ಮತ್ತೊಂದು ಹೆಜ್ಜೆ. ಮರದ ಮೆಟ್ಟಿಲು ಅವನ ಭಾರಕ್ಕೆ ನರಳುತ್ತಿತ್ತು. ಟೋಪಿ ಹಣೆಯ ಮೇಲೆ ಜಾರಿ ಮುಖ ನೆರಳಲ್ಲಿತ್ತು. ಕೈಗಳನ್ನು ಏನು ಮಾಡಬೇಕೆಂದು ತೋಚದೆ ಕೋಟಿನ ಜೇಬಿನಲ್ಲಿ ತುರುಕಿಕೊಂಡಿದ್ದ. ಬಂದು ಮರದ ಹತ್ತಿರ ನಿಂತ.

ಮಿಲ್ಟನ್ ಒಂದು ಹೆಜ್ಜೆ ಮುಂದೆ ಹೋದ. "ಬಂದಿರಾ?" ಎಂದು ಸಂತೋಷದಿಂದ ಕೂಗಬೇಕೆಂದುಕೊಂಡಿದ್ದ. ಬಾಯಿಂದ "ಬಂದ..." ಎಂಬಷ್ಟೇ ಹೊರಟಿತು. ಪಕ್ಕದಲ್ಲಿ ಏನೋ ಅಲುಗಿದಂತಾಗಿ ತಿರುಗಿ ನೋಡಿದ.

ಒಲೆಗಾರಿಯೊ ಟೋಪಿಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟ. ಆಮೇಲೆ ಬಂದವನಿಗೆ ಬೆನ್ನು ಮಾಡಿ ಹಿಂದಿನ ಗೋಡೆಯ ಬಳಿಗೆ ನಡೆದ. ಎರಡೂ ಕೈಗಳನ್ನು ಮೇಲೆತ್ತಿ ಅಂಗೈಗಳನ್ನು ಇಟ್ಟಿಗೆಗೆ ಒತ್ತಿದ. ಕಾಲುಗಳನ್ನು ಅಗಲಿಸಿದ. ಅಷ್ಟು ಸಾಲದೆನ್ನುವಂತೆ, ಸೈನಿಕನೊಬ್ಬ ಬೂಟಿನಿಂದ ಒದ್ದು ಸರಿಸಿದ ಹಾಗೆ, ಇನ್ನೂ ಸ್ವಲ್ಪ ಅಗಲಿಸಿದ. ಹಣೆಯನ್ನು ಗೋಡೆಗೆ ಇಟ್ಟು ನಿಂತುಬಿಟ್ಟ.

ಅದರಲ್ಲಿ ಆತುರವಿರಲಿಲ್ಲ, ಪ್ರತಿಭಟನೆಯೂ ಇರಲಿಲ್ಲ. ದಿನಾ ಮನೆಗೆ ಬಂದು ಕೋಟು ತೆಗೆದು ಗೂಟಕ್ಕೆ ಹಾಕುವವನ ರೂಢಿಯಿತ್ತು.

ಇರಿನೆಯೊ ಒಮ್ಮೆ ಅವನನ್ನು, ಒಮ್ಮೆ ಎಲ್ವಿರಾಳನ್ನು ನೋಡಿದ. "ನಾನು... ನಾನು ಏನೂ ಮಾಡಿಲ್ಲ," ಎಂದು ತೊದಲಿ ಜೇಬಿನಿಂದ ಕೈ ಹೊರತೆಗೆದ. ಎರಡೂ ಅಂಗೈಗಳನ್ನು ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದ.

ಮಿಲ್ಟನ್‌ಗೆ ಬೆರ್ರುಯೆತಾನನ್ನು ನೋಡಲು ಧೈರ್ಯವಾಗಲಿಲ್ಲ. ಇದು ಬೇಕಂತಲೇ ಮಾಡಿದ್ದು ಎಂದು ಅವನು ಅಂದುಕೊಂಡರೆ ಮುಗಿಯಿತು. ಕೊನೆಗೆ ನೋಡಿದ. ಅಧಿಕಾರಿ ವೇದಿಕೆಯ ಅಂಚಿನಲ್ಲೇ ಇದ್ದ. ಅವನ ದೃಷ್ಟಿ ಒಲೆಗಾರಿಯೊನ ಮೇಲೆ ಇರಲಿಲ್ಲ. ಇರಿನೆಯೊನ ಕಪ್ಪು ಕೋಟಿನ ಮೇಲಿತ್ತು. ಆಮೇಲೆ ಅಂಥದೇ ಕಪ್ಪು ಬಣ್ಣದ ತನ್ನ ಕೋಟಿನ ಎದೆಯ ಮೇಲಿಳಿಯಿತು. ಬೆರಳು ಮೇಲಿನ ಗುಂಡಿಯನ್ನು ಬಿಚ್ಚಿತು, ಮತ್ತೆ ಹಾಕಿತು.

"ಅವನನ್ನ ತೆಗೀರಿ," ಎಂದ.

"ಯಾರನ್ನ?" ಎಂದಳು ಎಲ್ವಿರಾ.

"ಬಂದನಲ್ಲ, ಅವನನ್ನ. ಬರೋದು ಬೇಡ ಅವನು. ಮೊದಲು ಹೇಗಿತ್ತೋ ಹಾಗೇ ಇರಲಿ."

"ಕಾಯೋದು?"

"ಕಾಯಲಿ ಬಿಡಿ. ಕಾಯ್ತಾನೇ ಇರಲಿ." ಒಂದು ಕಾಲು ವೇದಿಕೆಯ ಅಂಚಿಗೆ ಊರಿ, ಪರವಾನಗಿಯನ್ನು ಮೊಣಕಾಲ ಮೇಲಿಟ್ಟುಕೊಂಡೇ ಸಹಿ ಮಾಡಿದ, ಕಾಗದ ಒಂದು ಕಡೆ ಹರಿಯಿತು. ಹೋಗುವಾಗ ಒಲೆಗಾರಿಯೊನಿಗೆ ಏನೋ ಹೇಳಲೆಂಬಂತೆ ನಿಂತ. "ಏಯ್, ಇನ್ನು..." ಎಂದು ಅರ್ಧಕ್ಕೇ ನಿಲ್ಲಿಸಿದ. ಮೆಟ್ಟಿಲ ಮೇಲೆ ಸದ್ದಾಗದ ಹಾಗೆ, ಕಳ್ಳನಂತೆ ಹತ್ತಿ ಹೋದ. ಮೇಲಿನ ಬಾಗಿಲು ಮುಚ್ಚಿಕೊಂಡಿತು.

ಇರಿನೆಯೊ ಟೋಪಿ ಕಿತ್ತು ಕುರ್ಚಿಗೆ ಕುಸಿದ. ಎಲ್ವಿರಾ ಕಾಗದ ಹಿಡಿದುಕೊಂಡೇ ನಿಂತಿದ್ದಳು.

"ಹೋದ ಕಣೋ," ಎಂದ ಮಿಲ್ಟನ್. "ಒಪ್ಪಿಗೆ ಸಿಕ್ತು. ಭಲೇ ಮಾಡಿದೆ ಮಾರಾಯ, ನನ್ನ ಎದೆಯೇ ಒಡೆದುಹೋಗಿತ್ತು. ಬಾ, ಕೈ ಇಳಿಸು."

ಒಲೆಗಾರಿಯೊ ಅಲುಗಲಿಲ್ಲ.

"ಒಲೆಗಾರಿಯೊ... ಅವನು ಹೋದ."

ಗೋಡೆಗೆ ಒತ್ತಿದ ಬೆರಳುಗಳ ತುದಿ ಬೆಳ್ಳಗಾಗಿತ್ತು. ಅಗಲಿಸಿದ ಕಾಲು ಜಾಗ ಬಿಟ್ಟಿರಲಿಲ್ಲ. ಎಲ್ವಿರಾ ಹತ್ತಿರ ಬಂದು ಅವನ ಹೆಗಲು ಮುಟ್ಟಲು ಕೈ ಚಾಚಿದಳು. ಮಿಲ್ಟನ್ ಬೇಡವೆಂದು ತಲೆಯಾಡಿಸಿದ. ಹಿಂದಿನಿಂದ ಮುಟ್ಟಬಾರದು ಎಂಬುದು ಅವನಿಗೆ ಆ ಕ್ಷಣದಲ್ಲಿ ಹೇಗೋ ತಿಳಿಯಿತು.

ಅವನು ಗೋಡೆಯ ಬಳಿ ಹೋಗಿ, ಗೆಳೆಯನಿಗೆ ಕಾಣುವಷ್ಟು ದೂರದಲ್ಲಿ, ಇಟ್ಟಿಗೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಒಂದು ಬೂಟು ಕಿತ್ತು ಒಳಗೆ ನೋಡಿದ, ಕೊಡವಿದ, ಪಕ್ಕಕ್ಕಿಟ್ಟ. ಇರಿನೆಯೊ ಎದ್ದು ಹೋಗಿ ದೊಡ್ಡ ದೀಪಗಳನ್ನು ಆರಿಸಿದ. ಮೇಲಿನ ಅಂಗಡಿಯಲ್ಲಿ ಯಾರೋ ಟೋಪಿ ಕೊಳ್ಳುತ್ತಾ ನಗುತ್ತಿದ್ದರು. ಎಲ್ವಿರಾ ಸ್ಟೋವಿನ ಮೇಲೆ ಹೊಸದಾಗಿ ನೀರಿಟ್ಟಳು. ನೀರು ಕಾಯತೊಡಗಿತು.