ಓಡಿಹೋದ ಫಾಲೋವರ್‌ಗಳು

ಭಾವನ ಹಾಸಿಗೆ ಅಂಗಡಿಯ ಪೇಜಿಗೆ ಎಷ್ಟು ಜನ ಫಾಲೋವರ್‌ಗಳಿದ್ದಾರೆಂದು ನೋಡಿ, ತಾರೀಕಿನ ಜೊತೆ ಪುಟ್ಟ ಡೇಟಾಬೇಸಿಗೆ ಸೇರಿಸುವ ಪೈಥಾನ್ ಪ್ರೋಗ್ರಾಮೊಂದನ್ನು ನಾದಿನಿಯೇ ಬರೆದುಕೊಟ್ಟಿದ್ದಳು. ದಿನಕ್ಕೊಮ್ಮೆ ಓಡಿಸಿದರೆ ಸಾಕು, ಗ್ರಾಫ್ ಮೂಡುತ್ತಿತ್ತು. ವಾರದೊಳಗೆ ಅದರ ಗೆರೆ ಆಕಾಶಕ್ಕೇರಿತು. ಭಾವ ಹಿಗ್ಗಿ ಹೀರೇಕಾಯಿಯಾಗಿ ಅಂಗಡಿ ಮುಂದೆ ಬ್ಯಾನರ್ ಕಟ್ಟಿಸಿದ.

ಅನುಮಾನ ಬಂದು ನಾದಿನಿ ಡೇಟಾಬೇಸ್ ತೆರೆದರೆ, ಒಂದೇ ತಾರೀಕಿಗೆ ಹತ್ತಾರು ಸಾಲು!

"ಭಾವ, ಇದನ್ನ ದಿನಕ್ಕೆ ಎಷ್ಟು ಸಲ ಓಡಿಸ್ತೀರಾ?"

"ಗಿರಾಕಿ ಇಲ್ದಾಗೆಲ್ಲ ಬಟನ್ ಒತ್ತುತೀನಮ್ಮ. ಒತ್ತಿದಷ್ಟೂ ಜನ ಬರ್ತಾರೆ!"

ಒತ್ತಿದಾಗೆಲ್ಲ ಹೊಸ ಸಾಲು ಸೇರುತ್ತಿತ್ತು. ಗ್ರಾಫ್ ಒಂದು ದಿನದ ಸಾಲುಗಳನ್ನೆಲ್ಲ ಕೂಡಿಬಿಡುತ್ತಿತ್ತು. ಅವಳು ನಾಲಿಗೆ ಕಚ್ಚಿಕೊಂಡು, ಹೆಚ್ಚಿನ ಸಾಲುಗಳನ್ನು ಅಳಿಸಿ, ಒಂದು ತಾರೀಕಿಗೆ ಒಂದೇ ಸಾಲು ಉಳಿಯುವಂತೆ ತಿದ್ದಿದಳು. ಗೆರೆ ದೊಪ್ಪನೆ ನೆಲಕ್ಕೆ ಬಿತ್ತು.

"ಅಯ್ಯೋ, ಅಷ್ಟೂ ಜನಾನ ಓಡಿಸಿಬಿಟ್ಯಲ್ಲೇ!"

"ಅವ್ರು ಇರ್ಲೇ ಇಲ್ಲ ಭಾವ."

ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಕೈಮುಗಿದ ಫೋಟೊ ಹಾಕಿ ಪೇಜಿನಲ್ಲಿ ಬರೆದ: 'ಬಿಟ್ಟುಹೋದವರೆಲ್ಲ ದಯವಿಟ್ಟು ವಾಪಸ್ ಬನ್ನಿ. ನಾದಿನಿಯ ಪರವಾಗಿ ಕ್ಷಮೆ ಕೇಳುತ್ತೇನೆ.'

ಓದಿದವರು ಬಿದ್ದು ಬಿದ್ದು ನಕ್ಕು, ಸಿಕ್ಕಸಿಕ್ಕವರಿಗೆಲ್ಲ ಹಂಚಿದರು. ಮರುದಿನ ನಿಜವಾಗಿಯೂ ಸಾವಿರಾರು ಮಂದಿ ಸೇರಿದ್ದರು.

"ನೋಡು, ಮುನಿಸ್ಕೊಂಡು ಹೋದೋರು ಹೆಂಗೆ ತಿರುಗಿ ಬಂದ್ರು!" ಎಂದ ಭಾವ.

ನಾದಿನಿ ಗ್ರಾಫ್ ತೆರೆದಳು; ಗೆರೆ ಮತ್ತೆ ಮೇಲೇರಿತ್ತು. ಈ ಸಲ ಗೆರೆಯಾದರೂ ಸುಳ್ಳು ಹೇಳುತ್ತಿರಲಿಲ್ಲ.